ಪ್ರಕರಣ: ಉದ್ಯೋಗ ಸಂದೇಶದಲ್ಲಿ ಇಂಗ್ಲಿಷ್ ಎಲ್ಲಿರಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಂಜೇಶ್ವರದ ಕಡೆಯ, ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ ಯುವತಿಯೊಬ್ಬರು ತಾವು ಕಳುಹಿಸಿದ್ದ ವಾಟ್ಸ್‌ಆ್ಯಪ್ ಸಂದೇಶವನ್ನು ನನಗೆ ತೋರಿಸಿದರು. ಕಾಸರಗೋಡು ಪೇಟೆಯ ಸಗಟು ವ್ಯಾಪಾರಿಯೊಬ್ಬರಿಗೆ ಲೆಕ್ಕಪತ್ರ ಸಹಾಯಕರು ಬೇಕೆಂದು ಸ್ಥಳೀಯ ನೇಮಕಾತಿ ಏಜೆನ್ಸಿಯ ಮಹಿಳೆಯೊಬ್ಬರು ಕನ್ನಡದಲ್ಲಿಯೇ ಸೂಚನೆ ಹಾಕಿದ್ದರು. ಅದಕ್ಕೆ ಇವರು ಬರೆದದ್ದು: “ಹಾಯ್ ಮೇಡಂ, ಯುವರ್ ಪೋಸ್ಟ್ ನೋಡಿ ವೆರಿ ಇಂಟರೆಸ್ಟೆಡ್ ಆಗಿದ್ದೇನೆ, ಅಕೌಂಟ್ಸ್ ವರ್ಕ್ ಎಲ್ಲಾ ಗೊತ್ತು, ಪ್ಲೀಸ್ ಕನ್ಸಿಡರ್ ಮಾಡಿ.” ಉತ್ತರ ಬಂದಿರಲಿಲ್ಲ. “ಪೂರ್ತಿ ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಬಾರದವಳೆಂದು ತಿಳಿಯುವುದಿಲ್ಲವೇ ಸರ್?” ಎಂಬುದು ಅವರ ಪ್ರಶ್ನೆ.

ಭಾಷೆ ಬೆರೆತದ್ದು ಇಲ್ಲಿ ತಪ್ಪಲ್ಲ. ಆಸಕ್ತಿ, ವಿನಂತಿಗಳಂಥ ಕನ್ನಡ ಸುಲಭವಾಗಿ ಹೇಳುವ ಮಾತುಗಳಲ್ಲಿ ಇಂಗ್ಲಿಷ್ ತುಂಬಿಕೊಂಡು, ಅದು ನಿಜವಾಗಿ ಬೇಕಿದ್ದ ತಂತ್ರಾಂಶ ಮತ್ತು ತೆರಿಗೆ ರಿಟರ್ನ್‌ಗಳ ಹೆಸರುಗಳೇ ಬಿಟ್ಟುಹೋಗಿದ್ದವು. ತೆರೆಯ ಮೇಲೆ ಇಂಗ್ಲಿಷ್‌ನಲ್ಲೇ ಕಾಣುವ ಹೆಸರನ್ನು ಹಾಗೆಯೇ ಬರೆಯುವುದು ಒಳ್ಳೆಯದು, ಏಕೆಂದರೆ ಹತ್ತಾರು ಸಂದೇಶಗಳ ನಡುವೆ Tally ಎಂದು ಹುಡುಕುವವರಿಗೆ ಕನ್ನಡ ಲಿಪಿಯ ‘ಟ್ಯಾಲಿ’ ಸಿಗುವುದಿಲ್ಲ. ನಾವು ಕೂಡಿ ತಿದ್ದಿದ ಸಂದೇಶ ಹೀಗಿತ್ತು:

“ನಮಸ್ಕಾರ ಮೇಡಂ. ಕಾಸರಗೋಡಿನ ಲೆಕ್ಕಪತ್ರ ಸಹಾಯಕರ ಕೆಲಸದ ಬಗ್ಗೆ ನೀವು ಹಾಕಿದ ಸೂಚನೆಯನ್ನು ನೋಡಿ ಬರೆಯುತ್ತಿದ್ದೇನೆ. ಬಿ.ಕಾಂ. ಮುಗಿಸಿ ಒಂದು ವರ್ಷ ಅಂಗಡಿಯೊಂದರಲ್ಲಿ TallyPrime ಬಳಸಿ ಖರೀದಿ, ಮಾರಾಟದ ಲೆಕ್ಕ ದಾಖಲಿಸಿದ್ದೇನೆ. GSTR-1ಕ್ಕೆ ಬೇಕಾದ ಮಾರಾಟದ ಬಿಲ್ಲುಗಳ ಪಟ್ಟಿಯನ್ನು ಸಿದ್ಧಪಡಿಸಿದ್ದೇನೆ; GSTR-3B ಸಲ್ಲಿಸಿದ ಅನುಭವವಿಲ್ಲ. ಮಲಯಾಳ ಚೆನ್ನಾಗಿ ಮಾತಾಡುತ್ತೇನೆ, ನಿಧಾನವಾಗಿ ಓದುತ್ತೇನೆ. ಬಯೋಡೇಟಾ ಲಗತ್ತಿಸಿದ್ದೇನೆ.”

‘ಎಲ್ಲಾ ಗೊತ್ತು’ ಎಂಬುದಕ್ಕಿಂತ ಈ ಎರಡು ರಿಟರ್ನ್‌ಗಳ ವ್ಯತ್ಯಾಸವೇ ಅವರ ಅನುಭವದ ಮಟ್ಟವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಮೊದಲನೆಯದು ಮಾರಾಟದ ವಿವರ, ಎರಡನೆಯದು ತೆರಿಗೆ ಲೆಕ್ಕ ಹಾಕಿ ಪಾವತಿಸುವ ಸಾರಾಂಶ. ಮಲಯಾಳದ ಮಾತನ್ನು ನಾನು ಒತ್ತಾಯಿಸಿಯೇ ಸೇರಿಸಿದೆ. ಕಾಸರಗೋಡಿನ ಅಂಗಡಿಯಲ್ಲಿ ಗಿರಾಕಿಗಳೊಂದಿಗೂ ಕಚೇರಿಗಳೊಂದಿಗೂ ಆ ಭಾಷೆ ಬೇಕಾಗುತ್ತದೆ, ಕನ್ನಡ ಮಾಧ್ಯಮದ ಅಭ್ಯರ್ಥಿಯ ಕುರಿತು ಮಾಲೀಕರಿಗೆ ಬರುವ ಮೊದಲ ಸಂಶಯವೂ ಅದೇ.

ಇನ್ನೊಂದು ವಿಷಯ ಅವರಿಗೆ ಹೊಳೆದಿರಲಿಲ್ಲ: ಏಜೆನ್ಸಿಯವರು ಕನ್ನಡಿಗರಾದರೂ ಸಂದೇಶವನ್ನು ಮುಂದೆ ಕಳುಹಿಸುವುದು ವ್ಯಾಪಾರಿಗೆ, ಅವರು ಕನ್ನಡ ಓದಲಾರದ ಮಲಯಾಳಿಯಾಗಿರಬಹುದು. ಆದ್ದರಿಂದ ಓದು, ಅನುಭವ, ತಂತ್ರಾಂಶ, ಊರು, ಸೇರಬಹುದಾದ ದಿನಾಂಕ ಇಷ್ಟನ್ನು ಪೂರ್ತಿ ಇಂಗ್ಲಿಷ್‌ನ ನಾಲ್ಕೈದು ಸಾಲುಗಳಲ್ಲಿ ಬರೆದು, ಬೇರೆಯೇ ಸಂದೇಶವಾಗಿ ಕಳುಹಿಸಲು ಹೇಳಿದೆ. ಹಾಗಿದ್ದರೆ ಏಜೆನ್ಸಿಯವರು ಅದೊಂದನ್ನೇ ಫಾರ್ವರ್ಡ್ ಮಾಡಬಹುದು. ಇಂಗ್ಲಿಷ್ ಬರುತ್ತದೆಂದು ತೋರಿಸಬೇಕೆಂಬ ಅವರ ಚಿಂತೆಗೂ ಈ ಸಾಲುಗಳೇ ಉತ್ತರ. ಸಂಬಳದ ಮಾತು ಬಂದಾಗ ಮಾತ್ರ ಬೆರಕೆ ಬೇಡ, ಏಜೆನ್ಸಿಯವರು ಕೇಳಿದ ಭಾಷೆಯಲ್ಲಿಯೇ ಮೊತ್ತವನ್ನು ಅಂಕಿಯಲ್ಲಿ ಬರೆದು, ಅದು ತಿಂಗಳಿಗೋ ವರ್ಷಕ್ಕೋ ಎಂದು ಸ್ಪಷ್ಟಪಡಿಸಬೇಕೆಂದೂ ತಿಳಿಸಿದೆ.

ಹುದ್ದೆ ಇಂಗ್ಲಿಷ್ ಪತ್ರವ್ಯವಹಾರದ್ದಾಗಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಆಗ ಕಳುಹಿಸುವ ಸಂದೇಶವೇ ಕೆಲಸದ ಮಾದರಿಯಾಗುವುದರಿಂದ, ಸೂಚನೆ ಕನ್ನಡದಲ್ಲಿದ್ದರೂ ಉತ್ತರವನ್ನು ಇಡಿಯಾಗಿ ಇಂಗ್ಲಿಷ್‌ನಲ್ಲಿ ಬರೆಯಲು ಹೇಳುತ್ತಿದ್ದೆ.