24 ಗ್ರಾಂ ಬರೆದ ಡಬ್ಬಿಯಲ್ಲೇ ಪ್ರೋಟೀನ್ ಜಾಸ್ತಿ ಇರಬಹುದು

ಪ್ರಶ್ನೆ: ಒಂದು ವೇ ಪೌಡರ್ ಡಬ್ಬಿಯಲ್ಲಿ ಸ್ಕೂಪಿಗೆ 25 ಗ್ರಾಂ ಪ್ರೋಟೀನ್ ಅಂತ ಇದೆ, ಇನ್ನೊಂದರಲ್ಲಿ 24 ಗ್ರಾಂ. ಎರಡರ ಸ್ಕೂಪ್ ಸೈಜ್ ಬೇರೆ ಬೇರೆ. ಯಾವುದು ಒಳ್ಳೆಯದು ಅಂತ ಹೋಲಿಸೋದು ಹೇಗೆ?

ಸ್ಕೂಪ್ ಎಷ್ಟು ಗ್ರಾಂ ಅಂತ ನೀವು ಬರೆದಿಲ್ಲ. ಉತ್ತರ ಇರುವುದು ಅಲ್ಲೇ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ ಹಿಡಿದು ನೋಡೋಣ. 25 ಗ್ರಾಂ ಅಂದ ಡಬ್ಬಿಯ ಸ್ಕೂಪ್ 36 ಗ್ರಾಂ ಇರಲಿ, 24 ಅಂದ ಡಬ್ಬಿಯದು 30 ಗ್ರಾಂ ಇರಲಿ.

ಪ್ರೋಟೀನನ್ನು ಸ್ಕೂಪಿನ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. 25 ಭಾಗಿಸು 36 ಅಂದರೆ ಸುಮಾರು ಶೇ. 69. 24 ಭಾಗಿಸು 30 ಅಂದರೆ ಶೇ. 80. ಮೊದಲ ಡಬ್ಬಿಯಿಂದಲೂ 30 ಗ್ರಾಂ ಪುಡಿಯನ್ನೇ ತೆಗೆದುಕೊಂಡರೆ ನಿಮಗೆ ಸಿಗುವುದು 21 ಗ್ರಾಂಗೂ ಸ್ವಲ್ಪ ಕಡಿಮೆ ಪ್ರೋಟೀನ್. ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ಹಾಕಿದ 25, ಸ್ಕೂಪ್ ದೊಡ್ಡದು ಮಾಡಿದ್ದರಿಂದ ಬಂದದ್ದು, ಪುಡಿ ಚೆನ್ನಾಗಿದೆ ಅಂತ ಅಲ್ಲ. 36 ಗ್ರಾಂನಲ್ಲಿ ಪ್ರೋಟೀನ್ ಬಿಟ್ಟು ಉಳಿದದ್ದು 11 ಗ್ರಾಂ: ಹಾಲಿನ ಸಕ್ಕರೆ, ಕೊಬ್ಬು, ಕೋಕೋ, ಫ್ಲೇವರ್, ಸ್ವಲ್ಪ ತೇವಾಂಶ. ಇನ್ನೊಂದರಲ್ಲಿ ಇವೆಲ್ಲಾ ಸೇರಿ 6 ಗ್ರಾಂ.

ಬೆಲೆಗೂ ಇದೇ ಲೆಕ್ಕ. ಎರಡೂ ಒಂದೊಂದು ಕಿಲೋ ಡಬ್ಬಿ, ಒಂದೇ ಬೆಲೆ ಅಂದುಕೊಳ್ಳಿ. ಮೊದಲನೆಯದರಲ್ಲಿ ಒಟ್ಟು ಸುಮಾರು 694 ಗ್ರಾಂ ಪ್ರೋಟೀನ್ ಇದೆ, ಎರಡನೆಯದರಲ್ಲಿ 800 ಗ್ರಾಂ. ಅಂದರೆ ಮೊದಲ ಡಬ್ಬಿಯಲ್ಲಿ ಪ್ರತಿ ಗ್ರಾಂ ಪ್ರೋಟೀನಿಗೆ ನೀವು ಶೇ. 15ರಷ್ಟು ಜಾಸ್ತಿ ಕೊಡುತ್ತಿದ್ದೀರಿ. ಡಬ್ಬಿಯ ಬೆಲೆಯನ್ನು ಒಳಗಿನ ಒಟ್ಟು ಪ್ರೋಟೀನಿನಿಂದ ಭಾಗಿಸಿ, ಅದನ್ನೇ ಹೋಲಿಸಿ. 'ಒಂದು ಸರ್ವಿಂಗಿಗೆ ಇಷ್ಟು ಬೆಲೆ' ಅನ್ನುವ ಲೆಕ್ಕ ಬೇಡ. ಸರ್ವಿಂಗ್ ಎಷ್ಟಿರಬೇಕು ಅಂತ ನಿರ್ಧರಿಸಿದ್ದು ಕಂಪನಿ ತಾನೇ!

ಲೇಬಲಿನಲ್ಲಿ '100 ಗ್ರಾಂಗೆ' ಅನ್ನುವ ಕಾಲಂ ಇದ್ದರೆ ಭಾಗಾಕಾರವೂ ಬೇಕಿಲ್ಲ, ಅದನ್ನೇ ಓದಿ. ಅದು ಇಲ್ಲದೆ ಸರ್ವಿಂಗಿನ ಅಂಕಿಯಿಂದಲೇ ಲೆಕ್ಕ ಹಾಕುವಾಗ ಒಂದು ವಿಷಯ ನೆನಪಿರಲಿ. ಹತ್ತಿರದ ಪೂರ್ಣ ಸಂಖ್ಯೆಗೆ ತಂದು 24 ಅಂತ ಬರೆದದ್ದು ನಿಜವಾಗಿ 23.5 ಇರಬಹುದು, 24.4 ಇರಬಹುದು. 30 ಗ್ರಾಂ ಸ್ಕೂಪಿನಲ್ಲಿ ಅಷ್ಟಕ್ಕೇ ಶೇ. 78ರಿಂದ 81ರವರೆಗೆ ಓಡಾಡುತ್ತದೆ. ಆದ್ದರಿಂದ 79 ಮತ್ತು 80ರ ನಡುವೆ ತಲೆ ಕೆಡಿಸಿಕೊಳ್ಳಬೇಡಿ. 69 ಮತ್ತು 80ರ ನಡುವಿನದು ನಿಜವಾದ ವ್ಯತ್ಯಾಸ.

ಇನ್ನು ಹೋಲಿಸುವುದಾದರೆ ಒಂದೇ ಜಾತಿಯವನ್ನು ಹೋಲಿಸಿ. ಕಾನ್ಸಂಟ್ರೇಟ್‌ನಲ್ಲಿ ಫ್ಲೇವರ್ ಸೇರಿದ ಮೇಲೆ ಶೇ. 70ರಿಂದ 80 ಬಂದರೆ ಸಹಜ. ಹಾಲಿನ ಸಕ್ಕರೆ, ಕೊಬ್ಬನ್ನು ಇನ್ನಷ್ಟು ತೆಗೆದ ಐಸೊಲೇಟ್ ಇನ್ನೂ ಮೇಲೆ ಇರುತ್ತದೆ. ಒಂದೇ ಬ್ರ್ಯಾಂಡಿನ ಚಾಕೊಲೇಟ್ ಡಬ್ಬಿ, ಫ್ಲೇವರ್ ಇಲ್ಲದ ಡಬ್ಬಿಗಿಂತ ಕೆಳಗಿರುವುದು ಮೋಸ ಅಲ್ಲ, ಕೋಕೋಗೂ ಜಾಗ ಬೇಕಲ್ವಾ? ಹಾಗೇ 'ಡ್ರೈ ಬೇಸಿಸ್' ಅನ್ನುವ ಸಣ್ಣ ಅಕ್ಷರ ಹುಡುಕಿ. ಪುಡಿಯಲ್ಲಿನ ತೇವಾಂಶವನ್ನು ಲೆಕ್ಕದಿಂದ ತೆಗೆದು ಹೇಳಿದ ಅಂಕಿ ಅದು. ಶೇ. 5 ತೇವಾಂಶ ಇರುವ ಪುಡಿಗೆ ಹಾಗೆ ಶೇ. 90 ಅಂದರೆ, ನೀವು ಶೇಕರಿಗೆ ಹಾಕುವ ಪುಡಿಯಲ್ಲಿ ಇರುವುದು ಸುಮಾರು 85.5.

ಇಷ್ಟು ಲೇಬಲಿನ ಮಾತು. ಈಗ ಸ್ಕೂಪಿನ ಮಾತಿಗೆ ಬರುತ್ತೇನೆ, ನಾನು ಎಡವಿದ್ದು ಇಲ್ಲೇ.

ನನ್ನದು 990 ಗ್ರಾಂ ಡಬ್ಬಿ. ಸ್ಕೂಪ್ 33 ಗ್ರಾಂ, ಅದರಲ್ಲಿ ಪ್ರೋಟೀನ್ 24, ಒಟ್ಟು 30 ಸರ್ವಿಂಗ್ ಅಂತ ಲೇಬಲಿನಲ್ಲಿತ್ತು. ದಿನಕ್ಕೆ ಒಂದೇ ಸ್ಕೂಪ್ ಹಾಕಿದರೂ 26ನೇ ದಿನ ಡಬ್ಬಿ ಕೆರೆಯುತ್ತಿದ್ದೆ. ಕಂಪನಿಯವರು ಕಡಿಮೆ ತುಂಬಿದ್ದಾರೆ ಅಂತ ಸಿಟ್ಟು ಬಂತು. ಮುಂದಿನ ಡಬ್ಬಿಯನ್ನು ತೆರೆದ ದಿನವೇ ಅಡುಗೆಮನೆಯ ತೂಕದ ಮಷೀನ್ ಮೇಲೆ ಇಟ್ಟೆ. ತುಂಬಿದ ತೂಕ ಸರಿಯಾಗೇ ಇತ್ತು. ಸರಿ ಇಲ್ಲದಿದ್ದದ್ದು ನನ್ನ ಕೈ. ಸ್ಕೂಪನ್ನು ಡಬ್ಬಿಯ ಗೋಡೆಗೆ ಒತ್ತಿ, ಮೇಲೆ ಗುಡ್ಡೆ ಇರುವಂತೆ ತೆಗೆಯುವುದು ನನ್ನ ಅಭ್ಯಾಸ. ಹಾಗೆ ತೆಗೆದದ್ದು 38 ಗ್ರಾಂ ತೂಗಿತು. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಪುಡಿ ಹಗುರಾದ ಮೇಲೆ ತೆಗೆದು, ಚಾಕುವಿನ ಬೆನ್ನಿನಿಂದ ಮೇಲೆ ಸವರಿದರೆ 29 ಗ್ರಾಂ ಮಾತ್ರ. ಅದೇ ಸ್ಕೂಪ್, ಅದೇ ಡಬ್ಬಿ! ಪ್ರೋಟೀನ್ ಲೆಕ್ಕದಲ್ಲಿ ಒಮ್ಮೆ ಸುಮಾರು 28 ಗ್ರಾಂ, ಇನ್ನೊಮ್ಮೆ 21.

ಕಾರಣ ಸರಳ. ಸ್ಕೂಪ್ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಅದರ ತಳದಲ್ಲಿ ನೋಡಿ, ಎಷ್ಟೋ ಸ್ಕೂಪಿನ ಮೇಲೆ ಗ್ರಾಂ ಅಲ್ಲ, ಮಿಲಿ ಲೀಟರ್ ಅಥವಾ ಸಿಸಿ ಬರೆದಿರುತ್ತದೆ. ಪುಡಿಯ ಕಾಳುಗಳ ನಡುವೆ ಗಾಳಿ ಇರುತ್ತದೆ. ಸಾಗಾಟದಲ್ಲಿ ಅಲುಗಾಡಿ ಪುಡಿ ಕೆಳಗೆ ಕೂತರೆ ಗಾಳಿ ಕಡಿಮೆಯಾಗಿ ಸ್ಕೂಪ್ ಭಾರವಾಗುತ್ತದೆ. ನೀರಿನಲ್ಲಿ ಬೇಗ ಕರಗಲಿ ಅಂತ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ದಪ್ಪ ಮಾಡಿದ ಪುಡಿ ಹಗುರ. ಹೀಗಾಗಿ ಒಂದು ಬ್ರ್ಯಾಂಡಿನ ಸ್ಕೂಪನ್ನು ಇನ್ನೊಂದು ಡಬ್ಬಿಗೆ ಹಾಕಿ ಬಳಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಫ್ಲೇವರ್ ಬದಲಾದರೂ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ತೂಗುವುದು ಕಷ್ಟವೇನಲ್ಲ. ತೆರೆದ ಡಬ್ಬಿಯನ್ನೇ ಮಷೀನ್ ಮೇಲಿಟ್ಟು ಸೊನ್ನೆ ಮಾಡಿ, ಸ್ಕೂಪಿನಲ್ಲಿ ಪುಡಿ ತೆಗೆಯಿರಿ. ಮೈನಸ್ 33 ತೋರಿಸಿದರೆ ನೀವು ತೆಗೆದದ್ದು 33 ಗ್ರಾಂ. ಒಂದೇ ಎಚ್ಚರ, ಸ್ಕೂಪ್ ಡಬ್ಬಿಯ ಒಳಗೇ ಇತ್ತು ಅಂದರೆ ಸೊನ್ನೆ ಮಾಡುವ ಮೊದಲೇ ಅದನ್ನು ಹೊರಗೆ ತೆಗೆದಿರಬೇಕು, ಇಲ್ಲದಿದ್ದರೆ ಅದರ ತೂಕವೂ ಸೇರುತ್ತದೆ.

ಈ ಲೆಕ್ಕಕ್ಕೆ ಸಿಗದ ಒಂದು ಆಟ ಉಂಟು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು, ವೇಯಂಥ ಹಾಲಿನ ಪ್ರೋಟೀನಿಗಾದರೆ 6.38ರಿಂದ ಗುಣಿಸುತ್ತಾರೆ. ಗ್ಲೈಸಿನ್ ಅನ್ನುವ ಅಗ್ಗದ ಅಮೈನೋ ಆಮ್ಲದಲ್ಲಿ ಸಾರಜನಕ ಜಾಸ್ತಿ. ಒಂದು ಗ್ರಾಂ ಗ್ಲೈಸಿನ್ ಬೆರೆಸಿದರೆ ಈ ಲೆಕ್ಕದಲ್ಲಿ ಸುಮಾರು 1.2 ಗ್ರಾಂ 'ಪ್ರೋಟೀನ್' ಕಾಣಿಸುತ್ತದೆ! ಆದ್ದರಿಂದ ಶೇಕಡಾ ನೋಡಿದ ಮೇಲೆ ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಅದರಂತೆಯೇ ಸಾರಜನಕ ಇರುವ ಟಾರಿನ್, ಕ್ರಿಯೇಟಿನ್ ಇದೆಯಾ ನೋಡಿ. ಇದ್ದರೆ ಅದು ಮೋಸವೇ ಅಂತ ಹೇಳಲಾಗದು, ಆದರೆ ಪ್ರೋಟೀನ್ ಅಂಕಿಯಲ್ಲಿ ಅದೂ ಸೇರಿದೆಯಾ ಅಂತ ಕೇಳಬೇಕು. ಅಮೈನೋ ಆಮ್ಲಗಳ ಪಟ್ಟಿ ಕೊಟ್ಟಿದ್ದರೆ ಲ್ಯೂಸಿನ್ ಹುಡುಕಿ. ವೇ ಪ್ರೋಟೀನಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಲ್ಯೂಸಿನ್ ಇರುತ್ತದೆ. 25 ಗ್ರಾಂ ಪ್ರೋಟೀನ್ ಅಂದ ಕಡೆ ಲ್ಯೂಸಿನ್ 2.5 ಗ್ರಾಂ ಆಸುಪಾಸು ಇರಬೇಕು. 1.7 ಅಂತೇನಾದರೂ ಕಂಡರೆ ನಾನಂತೂ ಆ ಡಬ್ಬಿ ಅಲ್ಲೇ ಬಿಡುತ್ತೇನೆ.

ನನ್ನ ಸ್ಕೂಪಿಗೆ ಈಗ ಒಳಗಡೆ ಮಾರ್ಕರ್ ಪೆನ್ನಿನ ಗೆರೆ ಇದೆ. ಪುಡಿ ಅಷ್ಟರವರೆಗೆ ಬಂದರೆ 33 ಗ್ರಾಂ. ಹೊಸ ಡಬ್ಬಿ ತೆರೆದ ದಿನ ಗೆರೆ ಅಳಿಸಿ ಮತ್ತೆ ತೂಗುತ್ತೇನೆ.