ಎಲ್ಲವನ್ನೂ ಬರೆದು ತಿಳಿಸಿದ ಮೇಲೂ ಗೆಳತಿಗೆ ಕಾಣದೆ ಉಳಿದದ್ದು

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕಾಲೇಜಿನಲ್ಲಿ ಜೊತೆಗಿದ್ದ ನನ್ನ ಗೆಳತಿ 7 ವರ್ಷಗಳಿಂದ ದೂರದ ಊರಿನಲ್ಲಿದ್ದಾಳೆ. ನಮ್ಮ ಸ್ನೇಹ ಉಳಿದಿರುವುದು ವಾಟ್ಸ್‌ಆ್ಯಪ್ ಸಂದೇಶಗಳಲ್ಲೇ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಕುಳಿತು, ಯೋಚಿಸಿ, ತಿದ್ದಿ ಅವಳಿಗೆ ಬರೆಯುತ್ತೇನೆ. ಮದುವೆಯ ಕಷ್ಟ, ಕೆಲಸದ ಭಯ, ಯಾವುದನ್ನೂ ಮುಚ್ಚಿಟ್ಟಿಲ್ಲ. ಮೊನ್ನೆ ನಾವಿಬ್ಬರೂ ಜೋಹಾರಿ ಕಿಟಕಿಯ ಅಭ್ಯಾಸ ಮಾಡಿದೆವು: ಒಬ್ಬರನ್ನು ಬಣ್ಣಿಸುವ ಪದಗಳನ್ನು ಒಂದು ಪಟ್ಟಿಯಿಂದ ಅವರೂ ಗೆಳೆಯರೂ ಬೇರೆ ಬೇರೆಯಾಗಿ ಆರಿಸಿ, ಆಮೇಲೆ ಹೋಲಿಸಿ ನೋಡುವುದು. ನನ್ನ ಬಗ್ಗೆ ನಾನು ಆರಿಸಿದ ಪದಗಳು: ಆತಂಕಪಡುವವಳು, ನಾಚಿಕೆಯವಳು, ಭಾವುಕಳು, ಕಾಳಜಿಯುಳ್ಳವಳು, ನಂಬಿಗಸ್ಥಳು. ಅವಳು ಆರಿಸಿದ್ದು: ಆತ್ಮವಿಶ್ವಾಸಿ, ಅಚ್ಚುಕಟ್ಟಿನವಳು, ತರ್ಕಬದ್ಧವಾಗಿ ಯೋಚಿಸುವವಳು, ಸ್ವತಂತ್ರಳು, ನಂಬಿಗಸ್ಥಳು. ಹೊಂದಿದ್ದು ಒಂದೇ ಪದ. ಇಷ್ಟು ಹೇಳಿಕೊಂಡ ಮೇಲೂ ಅವಳಿಗೆ ನಾನು ಗೊತ್ತಿಲ್ಲವೇ?

ಸಂಪಾದಕರ ಉತ್ತರ:

ನಿಮ್ಮಿಬ್ಬರ ಪದಗಳನ್ನು ಮೊದಲು ಕಿಟಕಿಯ ನಾಲ್ಕು ಮನೆಗಳಲ್ಲಿ ಇಟ್ಟು ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ಈ ಚಿತ್ರವನ್ನು ಮುಂದಿಟ್ಟಾಗ ಅದರಲ್ಲಿ ಇದ್ದದ್ದು ಎರಡೇ ಪ್ರಶ್ನೆಗಳು: ಇದು ನನಗೆ ಗೊತ್ತಿದೆಯೇ, ಇದು ಎದುರಿನವರಿಗೆ ಗೊತ್ತಿದೆಯೇ? ಇಬ್ಬರಿಗೂ ಗೊತ್ತಿರುವುದು ತೆರೆದ ವಲಯ. ನಿಮ್ಮ ಪಾಲಿಗೆ ಅಲ್ಲಿ ಬಂದು ಕುಳಿತಿರುವುದು ‘ನಂಬಿಗಸ್ಥಳು’ ಎಂಬ ಒಂದೇ ಪದ. ಗೆಳತಿ ಮಾತ್ರ ಕಂಡ ಆತ್ಮವಿಶ್ವಾಸ, ಅಚ್ಚುಕಟ್ಟು, ತರ್ಕ, ಸ್ವತಂತ್ರ ಮನೋಭಾವಗಳು ನಿಮ್ಮ ಕುರುಡು ವಲಯಕ್ಕೆ ಸೇರುತ್ತವೆ. ನಿಮಗೆ ಮಾತ್ರ ಗೊತ್ತಿರುವ ಆತಂಕ, ನಾಚಿಕೆ, ಭಾವುಕತೆ, ಕಾಳಜಿಗಳು ಬಚ್ಚಿಟ್ಟ ವಲಯದಲ್ಲಿ ಉಳಿಯುತ್ತವೆ. ಇಬ್ಬರೂ ಆರಿಸದ ಪದಗಳು ಅಜ್ಞಾತ ವಲಯದವು. ಅದನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಏನನ್ನೂ ಬಚ್ಚಿಡದ ನಿಮಗೆ ಬಚ್ಚಿಟ್ಟ ವಲಯವೇ ತುಂಬಿಕೊಂಡಿರುವುದು ವಿಚಿತ್ರವಾಗಿ ಕಂಡಿರಬೇಕು. ನನಗೆ ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದೂ ಅದೇ.

ಲಫ್ಟ್ ಮತ್ತು ಇಂಗಮ್ ಈ ಕಿಟಕಿಯನ್ನು ರೂಪಿಸಿದ್ದು ಒಂದೇ ಕೋಣೆಯಲ್ಲಿ ಎದುರುಬದುರು ಕುಳಿತು ಮಾತನಾಡುವ ಸಣ್ಣ ಗುಂಪುಗಳ ತರಬೇತಿಯ ಹಿನ್ನೆಲೆಯಲ್ಲಿ ಎಂಬುದನ್ನು ಮರೆಯಬಾರದು. ಅಂಥ ಕೋಣೆಯಲ್ಲಿ ಒಬ್ಬರು ‘ನನಗೆ ಭಯವಾಗಿದೆ’ ಎಂದಾಗ, ಆ ಮಾತಿನ ಜೊತೆಗೆ ಒಣಗಿದ ಗಂಟಲು, ಅರ್ಧಕ್ಕೇ ನಿಂತ ವಾಕ್ಯ, ಬೇರೆಡೆ ಸರಿದ ದೃಷ್ಟಿ ಇವೆಲ್ಲವೂ ಕೇಳುವವರನ್ನು ತಲುಪುತ್ತವೆ. ಹೇಳುವವರಿಗೂ ಕೇಳುವವರ ಮುಖದಿಂದ ಆ ಕ್ಷಣದಲ್ಲೇ ಹಿಮ್ಮಾಹಿತಿ ಸಿಗುತ್ತದೆ. ಹೀಗೆ ಹೇಳಿಕೊಳ್ಳುವುದು ಮತ್ತು ಹಿಮ್ಮಾಹಿತಿ ಪಡೆಯುವುದು ಎಂಬ ಎರಡು ಕೆಲಸಗಳು ಅಲ್ಲಿ ಬೇರೆ ಬೇರೆಯಾಗಿ ನಡೆಯುವುದೇ ಇಲ್ಲ. ಮೊದಲನೆಯದು ಬಚ್ಚಿಟ್ಟ ವಲಯವನ್ನು ಕಿರಿದು ಮಾಡಿದರೆ, ಎರಡನೆಯದು ಕುರುಡು ವಲಯವನ್ನು ಕಿರಿದು ಮಾಡುತ್ತದೆ. ಸಂದೇಶಗಳಲ್ಲಿ ಮಾತ್ರ ಇವೆರಡರ ನಡುವಿನ ಕೊಂಡಿ ಕಡಿದುಹೋಗುತ್ತದೆ, ಮತ್ತು ಒಂದನ್ನು ಎಷ್ಟೇ ಹೆಚ್ಚಿಸಿದರೂ ಇನ್ನೊಂದು ತಾನಾಗಿ ಹೆಚ್ಚುವುದಿಲ್ಲ.

ನಿಮ್ಮ ಆತಂಕ ಅವಳಿಗೆ ಏಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ನೀವು ಬರೆಯುವ ಹೊತ್ತಿನಲ್ಲೇ ಇದೆ. ಮೇಲಧಿಕಾರಿ ಬೆಳಿಗ್ಗೆ ಕರೆದು ಗದರಿಸಿದರು ಎಂದಿಟ್ಟುಕೊಳ್ಳಿ. ಆಗ ನಿಮ್ಮ ಕೈ ನಡುಗಿತು, ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತನಾಡಲಾಗಲಿಲ್ಲ. ರಾತ್ರಿ ನೀವು ಗೆಳತಿಗೆ ಬರೆಯುವಾಗ ಅದು ಹೀಗಿರುತ್ತದೆ: ‘ಇವತ್ತು ಕೆಲಸದಲ್ಲಿ ಒಂದು ಪ್ರಸಂಗ ನಡೆಯಿತು, ಬಹಳ ಆತಂಕವಾಯಿತು, ಆದರೆ ಯೋಚಿಸಿದಾಗ ಅದಕ್ಕೆ ಮೂರು ಕಾರಣಗಳು ಕಾಣುತ್ತವೆ.’ ಆತಂಕ ಎಂಬ ಪದ ಅದರಲ್ಲಿದೆ. ಆದರೆ ಪ್ಯಾರಾಗಳ ಅಚ್ಚುಕಟ್ಟು, ಕಾರಣಗಳ ಕ್ರಮ, ಕೊನೆಗೆ ನೀವೇ ಕಂಡುಕೊಂಡ ಪರಿಹಾರ ಇವೆಲ್ಲವೂ ಬೇರೆಯದೇ ಸುದ್ದಿಯನ್ನು ಹೇಳುತ್ತವೆ, ಮತ್ತು ಓದುವವರ ಮನಸ್ಸಿನಲ್ಲಿ ನಿಲ್ಲುವುದು ಆ ಸುದ್ದಿಯೇ. ಗೆಳತಿ ಆರಿಸಿದ ‘ಅಚ್ಚುಕಟ್ಟಿನವಳು’, ‘ತರ್ಕಬದ್ಧವಾಗಿ ಯೋಚಿಸುವವಳು’ ಎಂಬ ಪದಗಳು ನಿಮ್ಮ ಗದ್ಯದ ವರ್ಣನೆಗಳು. ಸಂವಹನ ಕ್ಷೇತ್ರದ ಸಂಶೋಧಕ ಜೋಸೆಫ್ ವಾಲ್ತರ್ 1996ರಲ್ಲೇ ಇದನ್ನು ವಿವರಿಸಿದ್ದರು: ಕಂಪ್ಯೂಟರ್ ಮೂಲಕ ಬರೆದು ಸಂವಹಿಸುವವರಿಗೆ ತಮ್ಮನ್ನು ಆಯ್ದು, ತಿದ್ದಿ ತೋರಿಸುವ ಅವಕಾಶವಿರುತ್ತದೆ, ಪಡೆಯುವವರು ಆ ಅಲ್ಪ ಸುಳಿವುಗಳಿಂದಲೇ ಒಂದು ಇಡೀ ವ್ಯಕ್ತಿತ್ವವನ್ನು ಕಟ್ಟಿಕೊಳ್ಳುತ್ತಾರೆ. ನೀವು ಮೋಸ ಮಾಡಲಿಲ್ಲ. ತಿದ್ದಿ ಬರೆಯುವ ಶ್ರದ್ಧೆಯೇ ನಿಮ್ಮನ್ನು ಮರೆಮಾಡಿತು.

ಆದರೆ ಆತಂಕಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ‘ಕಾಳಜಿಯುಳ್ಳವಳು’ ಎಂಬ ಪದ. ಆತಂಕ ಒಳಗಿನದು, ಅದು ಕಾಣದೆ ಉಳಿಯಬಹುದು. ಕಾಳಜಿ ಹಾಗಲ್ಲ, ಅದು ಇನ್ನೊಬ್ಬರ ಕಡೆಗೆ ಹರಿಯಬೇಕಾದದ್ದು, ಯಾರ ಬಗ್ಗೆ ಇದೆಯೋ ಅವರಿಗೇ ತಲುಪದಿದ್ದರೆ ಎಲ್ಲೋ ನಿಂತಿದೆ ಎಂದೇ ಅರ್ಥ. ಮನಶ್ಶಾಸ್ತ್ರಜ್ಞರಾದ ಹ್ಯಾರಿ ರೈಸ್ ಮತ್ತು ಫಿಲಿಪ್ ಶೇವರ್ 1988ರಲ್ಲಿ ಆತ್ಮೀಯತೆಯ ಬಗ್ಗೆ ಮಂಡಿಸಿದ ವಿವರಣೆ ಇಲ್ಲಿ ನೆರವಾಗುತ್ತದೆ. ಅವರ ಪ್ರಕಾರ ಒಬ್ಬರು ಹೇಳಿಕೊಂಡ ಮಾತ್ರಕ್ಕೆ ಆತ್ಮೀಯತೆ ಹುಟ್ಟುವುದಿಲ್ಲ. ಕೇಳಿದವರು ಸ್ಪಂದಿಸಬೇಕು, ಆ ಸ್ಪಂದನದಲ್ಲಿ ಹೇಳಿದವರಿಗೆ ‘ನನ್ನನ್ನು ಅರ್ಥಮಾಡಿಕೊಂಡರು, ನನ್ನ ಭಾವನೆಗೆ ಬೆಲೆ ಕೊಟ್ಟರು, ನನ್ನ ಬಗ್ಗೆ ಇವರಿಗೆ ಕಾಳಜಿಯಿದೆ’ ಎಂಬ ಅನುಭವವಾಗಬೇಕು. ಮುಖ ನೋಡಿ ಮಾತನಾಡುವಾಗ ಈ ಸ್ಪಂದನದ ಬಹುಪಾಲು ಮಾತಿಲ್ಲದೆಯೇ ನಡೆದುಹೋಗುತ್ತದೆ. ಸಂದೇಶದಲ್ಲಿ ಬರೆಯದ ಸ್ಪಂದನ ಇಲ್ಲದ ಸ್ಪಂದನವೇ. ಅವಳ ಸಂದೇಶವನ್ನು ಓದಿ ನೀವು ಇಡೀ ದಿನ ಕಳವಳಪಟ್ಟಿರಬಹುದು. ಅವಳ ಪರದೆಯ ಮೇಲೆ ಮೂಡಿದ್ದು ಎರಡು ನೀಲಿ ಗುರುತುಗಳು ಮಾತ್ರ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಎದುರುಬದುರಾಗಿ ನಡೆದ ಮಾತು ಗಾಳಿಗೆ ಹೋಗುತ್ತದೆ, ಸಂದೇಶಗಳು ಹಾಗೇ ಉಳಿದಿರುತ್ತವೆ, ಮತ್ತು ಕುರುಡು ವಲಯದ ಒಂದು ಭಾಗವಾದರೂ ಹೀಗೆ ದಾಖಲಾಗಿ ಸಿಗುವುದು ಈ ಮಾಧ್ಯಮದ ದೊಡ್ಡ ಅನುಕೂಲ. ಕಳೆದ ಒಂದು ತಿಂಗಳ ಸಂದೇಶಗಳನ್ನು ಹಿಂದಕ್ಕೆ ಸರಿಸಿ ಓದಿ. ನಿಮ್ಮ ಮಾತುಗಳನ್ನು ಬಿಟ್ಟು, ಅವಳು ತನ್ನ ಬಗ್ಗೆ ಏನಾದರೂ ಹೇಳಿದ ಕಡೆಗಳಲ್ಲಿ ಮಾತ್ರ ನಿಲ್ಲಿ. ಅದರ ಕೆಳಗೆ ನೀವು ಬರೆದ ಮೊದಲ ಸಂದೇಶ ಯಾವುದು? ಅವಳು ಹೇಳಿದ್ದನ್ನೇ ಮುಂದುವರಿಸಿ ಕೇಳಿದ ಪ್ರಶ್ನೆಯೇ, ಒಂದು ಹೃದಯದ ಚಿಹ್ನೆಯೇ, ಅಥವಾ ‘ನನಗೂ ಹೀಗೇ ಆಗಿತ್ತು’ ಎಂದು ಶುರುವಾದ ನಿಮ್ಮದೇ ಕಥೆಯೇ? ಈ ಮೂರನೆಯದನ್ನು ನಾವು ಸಹಾನುಭೂತಿ ಎಂದೇ ಭಾವಿಸಿ ಬರೆಯುತ್ತೇವೆ. ಓದುವವರಿಗೆ ಅದು ಎಷ್ಟೋ ಸಲ ವಿಷಯ ತಮ್ಮಿಂದ ಕೈಜಾರಿದಂತೆ ಕಾಣುತ್ತದೆ. ಅವಳು ಹೇಳಿದ ಒಂದು ಸಂಗತಿಯನ್ನು, ವಾರದ ನಂತರ, ಅವಳು ನೆನಪಿಸದೆಯೇ ನೀವು ವಿಚಾರಿಸಿದ ಉದಾಹರಣೆ ಸಿಗುತ್ತದೆಯೇ ಎಂದೂ ಹುಡುಕಿ. ಹೆಚ್ಚು ಸಿಗದಿದ್ದರೆ, ಆ ಪದ ಅವಳ ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಕಾರಣ ಅಲ್ಲೇ ಇದೆ.

ಹಾಗಾದರೆ ಯಾರ ಪಟ್ಟಿ ಸರಿ? ಕುರುಡು ವಲಯದಲ್ಲಿ ಬಿದ್ದದ್ದೆಲ್ಲ ನಮಗೆ ಗೊತ್ತಿಲ್ಲದ ನಮ್ಮ ನಿಜಸ್ವರೂಪ ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕದಂತಹ ಒಳಗಿನ ಗುಣಗಳನ್ನು ವ್ಯಕ್ತಿಯೇ ಇತರರಿಗಿಂತ ಸರಿಯಾಗಿ ಅಂದಾಜು ಮಾಡುತ್ತಾರೆಂದೂ, ಬುದ್ಧಿಮತ್ತೆ, ಸೃಜನಶೀಲತೆಗಳಂತಹ, ಒಳ್ಳೆಯದು ಕೆಟ್ಟದ್ದರ ತೂಕವಿರುವ ಗುಣಗಳಲ್ಲಿ ಗೆಳೆಯರ ಅಂದಾಜೇ ಹೆಚ್ಚು ನಿಖರವೆಂದೂ ಕಂಡುಬಂತು. ಈ ದೃಷ್ಟಿಯಿಂದ ನೋಡಿದರೆ, ಆತಂಕದ ವಿಷಯದಲ್ಲಿ ನಿಮ್ಮ ಮಾತನ್ನೇ ನಂಬಬೇಕು. ಅವಳಿಗೆ ತಿಳಿದಿಲ್ಲ, ಅಷ್ಟೇ. ಕಾಳಜಿಯ ವಿಷಯದಲ್ಲಿ ಅವಳ ಮೌನಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಾಳಜಿಯ ಉದ್ದೇಶ ನಿಮಗೆ ಗೊತ್ತು, ಅದು ತಲುಪಿತೋ ಇಲ್ಲವೋ ಎಂಬುದು ಅವಳಿಗೆ ಮಾತ್ರ ಗೊತ್ತು.

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಮದುವೆ, ಕೆಲಸ, ಭಯ ಎಂದು ನೀವು ಹೇಳಿಕೊಂಡದ್ದೆಲ್ಲ ಬೇರೆ ಕಡೆ, ಬೇರೆಯವರೊಡನೆ ನಡೆದದ್ದು. ಅವಳ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಅವಳ ಉತ್ತರ ತಡವಾದಾಗ ಬೇಸರವಾಯಿತೇ, ಅವಳ ಯಾವುದೋ ಮಾತು ನೋಯಿಸಿತೇ, ಅವಳಿಲ್ಲದೆ ಈ ವರ್ಷಗಳನ್ನು ಕಳೆಯುವುದು ಕಷ್ಟವಾಗುತ್ತಿತ್ತೇ? ಇಂಥ ಮಾತುಗಳು ಇಬ್ಬರ ನಡುವಿನ ವರ್ತಮಾನಕ್ಕೆ ಸೇರಿದವು. ಅತ್ಯಂತ ಗುಟ್ಟಿನ ಗತಕಥೆಯನ್ನು ಹೇಳಿಕೊಂಡವರೂ ಇವನ್ನು ಹೇಳದೆ ಉಳಿದಿರುತ್ತಾರೆ.

ಈಗ ಮಾಡಬಹುದಾದ್ದು. ರಾತ್ರಿಯವರೆಗೆ ಕಾಯದೆ, ವಿಷಯ ಇನ್ನೂ ಬಗೆಹರಿಯದಿರುವಾಗಲೇ, ತಿದ್ದದೆ ಒಂದೆರಡು ಸಾಲು ಕಳಿಸಿ. ಇಲ್ಲವೇ ಧ್ವನಿ ಸಂದೇಶ ಕಳಿಸಿ, ಅದನ್ನು ಮರಳಿ ಕೇಳಿ ಅಳಿಸಬೇಡಿ. ಹಿಮ್ಮಾಹಿತಿ ಕೇಳುವುದಾದರೆ ‘ನಾನು ಎಂಥವಳು?’ ಎಂದು ಕೇಳಬೇಡಿ, ಅದಕ್ಕೆ ಸೌಜನ್ಯದ ಉತ್ತರವೇ ಬರುತ್ತದೆ. ಬಳಕೆಯಲ್ಲಿರುವ ಜೋಹಾರಿ ಪಟ್ಟಿಯ 56 ಪದಗಳಲ್ಲೂ ಹೆಚ್ಚಿನವು ಹಿತವಾದವೇ ಆದ್ದರಿಂದ, ‘ನೀನು ಕೇಳಿಸಿಕೊಳ್ಳುವುದಿಲ್ಲ’ ಎನ್ನಲು ಅಲ್ಲಿ ಸರಿಯಾದ ಪದವೇ ಇಲ್ಲ. ಮೇಲಿನ ಓದಿನಲ್ಲಿ ಸಿಕ್ಕ ಒಂದು ನಿರ್ದಿಷ್ಟ ಸಂದೇಶವನ್ನು ತೆಗೆದುಕೊಂಡು, ‘ಆ ದಿನ ನೀನು ಅಪ್ಪನ ವಿಷಯ ಹೇಳಿದಾಗ ನಾನು ಹೀಗೆ ಬರೆದಿದ್ದೆ, ನಿನಗೆ ಹೇಗನ್ನಿಸಿತು?’ ಎಂದು ಕೇಳಿ. ಇದನ್ನು ಕರೆ ಮಾಡಿ ಕೇಳುವುದು ಒಳಿತು, ಏಕೆಂದರೆ ಉತ್ತರದಷ್ಟೇ ಉತ್ತರಕ್ಕೆ ಮುಂಚಿನ ತಡವರಿಕೆಯೂ ನಿಮಗೆ ಬೇಕು. ಅವಳು ಹೇಳುವಾಗ ಸಮಜಾಯಿಷಿ ಕೊಡಬೇಡಿ. ಒಮ್ಮೆ ಸಮರ್ಥನೆ ಕೇಳಿಸಿಕೊಂಡವರು ಎರಡನೆಯ ಸಲ ನಿಜ ಹೇಳಲು ಹಿಂಜರಿಯುತ್ತಾರೆ.

ಅವಳು ಹೇಳಲು ಇಷ್ಟಪಡದಿದ್ದರೆ ಒತ್ತಾಯಿಸಬೇಡಿ. ಒತ್ತಾಯದಿಂದ ಮೂಡಿಸಿದ ಅರಿವು ಅನಪೇಕ್ಷಿತ, ಸಾಮಾನ್ಯವಾಗಿ ನಿಷ್ಫಲ ಕೂಡ ಎಂದು ಲಫ್ಟ್ ಅವರೇ ಎಚ್ಚರಿಸಿದ್ದರು. ಇನ್ನೊಬ್ಬರು ಮುಚ್ಚಿಟ್ಟದ್ದನ್ನು ಮುಚ್ಚಿಡಲು ಬಿಡುವುದನ್ನೂ ಅವರು ಸೂಕ್ಷ್ಮತೆಯ ಭಾಗವೆಂದೇ ಎಣಿಸಿದ್ದರು. ಜೊತೆಗೆ, ಈ ಕಿಟಕಿ ನಿಮ್ಮಿಬ್ಬರ ಸಂಬಂಧದ್ದು ಮಾತ್ರ. ಪ್ರತಿದಿನ ನಿಮ್ಮನ್ನು ನೋಡುವ ಇನ್ನೊಬ್ಬ ಗೆಳತಿಗೆ ಅದೇ ಪದಪಟ್ಟಿಯನ್ನು ಕೊಟ್ಟು ನೋಡಿ. ಅವರು ‘ಆತಂಕಪಡುವವಳು’, ‘ಕಾಳಜಿಯುಳ್ಳವಳು’ ಎಂಬ ಪದಗಳನ್ನು ಆರಿಸಿದರೆ, ತೊಡಕಿರುವುದು ನೀವು ಬರೆಯುವ ಕ್ರಮದಲ್ಲಿ. ಅವರೂ ‘ಕಾಳಜಿ’ಯನ್ನು ಬಿಟ್ಟರೆ, ದೂರದ ಗೆಳತಿಯೊಡನೆ ಆಡಬೇಕಾದ ಮಾತನ್ನು ಹತ್ತಿರದವರೊಡನೆಯೂ ಆಡಬೇಕಾಗುತ್ತದೆ.