ಸ್ವಾಟ್ ಪಟ್ಟಿಗೆ ರೂಪಾಯಿ ಬರೆದಾಗ ಮೊದಲಿದ್ದದ್ದು ಕೊನೆಗೆ ಹೋಯಿತು

ಪ್ರಶ್ನೆ: ನಮ್ಮದು ಹಾಸನದಲ್ಲಿ ಐದು ಲಾರಿಯ ಸಣ್ಣ ಟ್ರಾನ್ಸ್‌ಪೋರ್ಟ್. ಒಂದು ತರಬೇತಿಯಲ್ಲಿ ಹೇಳಿಕೊಟ್ಟರು ಅಂತ ಸ್ವಾಟ್, ಅಂದರೆ ಬಲ, ದೌರ್ಬಲ್ಯ, ಅವಕಾಶ, ಅಪಾಯದ ಪಟ್ಟಿ ಮಾಡಿದೆವು. ನಾಲ್ಕು ಚೌಕದಲ್ಲಿ 23 ಅಂಶ ಬಂದಿವೆ. ಈಗ ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಗೊತ್ತಾಗ್ತಿಲ್ಲ. ಹೇಗೆ ನಿರ್ಧಾರ ಮಾಡೋದು?

ಉತ್ತರ:

ನಾನು ಹಾಸನದಲ್ಲೇ ಚಿಕ್ಕಪ್ಪನ ಟ್ರಾನ್ಸ್‌ಪೋರ್ಟ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ಆರು ಗಾಡಿ, ಹೆಚ್ಚಿನ ಲೋಡು ಮಂಗಳೂರು ಕಡೆಗೆ, ಉಳಿದದ್ದು ಬೆಂಗಳೂರಿಗೆ. ನಾವೂ ಒಂದು ಭಾನುವಾರ ಕೂತು ನಿಮ್ಮ ಹಾಗೇ ನಾಲ್ಕು ಚೌಕ ತುಂಬಿಸಿ ಗೋಡೆಗೆ ಅಂಟಿಸಿದ್ದೆವು. ಎರಡು ತಿಂಗಳು ಅದು ಗೋಡೆಯ ಮೇಲೇ ಇತ್ತು.

ನಿಮ್ಮ 23 ಅಂಶಗಳನ್ನು ಹಾಗೇ ಇಟ್ಟುಕೊಂಡು ಅಂಕ ಕೊಡಲು ಹೋಗಬೇಡಿ. ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಅಂತ ಕೊಟ್ಟರೆ ಜೋರಾಗಿ ಮಾತಾಡುವವರ ಅಂಶ ಮೇಲೆ ಬರುತ್ತದೆ, ಅಷ್ಟೇ. ನಮ್ಮಲ್ಲಿ ಅದು ಮಂಗಳೂರು ದಾರಿಯ ಶಿರಾಡಿ ಘಾಟಿ. ಚಿಕ್ಕಪ್ಪನ ಮಾತು: "ಘಾಟಿ ಮುಚ್ಚಿದ್ರೆ ನಾವೂ ಬಾಗಿಲು ಮುಚ್ಚಿದಂಗೆ ಕಣಪ್ಪಾ." ಹಾಗಾಗಿ ಅಪಾಯದ ಚೌಕದಲ್ಲಿ ಅದೇ ಒಂದನೇ ನಂಬರು. ಅದಕ್ಕೆ ಮದ್ದು ಅಂತ ಮಂಗಳೂರಿನಲ್ಲಿ ತಿಂಗಳಿಗೆ 15,000 ಬಾಡಿಗೆಯ ಗೋಡೌನ್ ಹಿಡಿಯುವ ಮಾತೂ ಆಗಿತ್ತು. ಮಳೆಗಾಲಕ್ಕೆ ಮೊದಲೇ ಸರಕು ಇಳಿಸಿಟ್ಟುಕೊಳ್ಳಬಹುದು ಅನ್ನೋದು ಲೆಕ್ಕಾಚಾರ.

ನಾನು ಮಾಡಿದ್ದು ಇಷ್ಟು. ಪ್ರತಿ ಅಂಶವನ್ನೂ ಒಂದು ವಾಕ್ಯ ಮಾಡಿದೆ: ಇದರಿಂದ ವರ್ಷಕ್ಕೆ ಎಷ್ಟು ರೂಪಾಯಿ ಹೋಗುತ್ತಿದೆ ಅಥವಾ ಬರಬಹುದು, ಆ ಅಂಕಿ ಯಾವ ಪುಸ್ತಕದಿಂದ ಬಂತು. ಟ್ರಿಪ್ ಪುಸ್ತಕ, ಡೀಸೆಲ್ ಚೀಟಿ, ಬಿಲ್ ಫೈಲು, ಬ್ಯಾಂಕ್ ಸ್ಟೇಟ್‌ಮೆಂಟ್, ಈ ನಾಲ್ಕು ಸಾಕು. ಯಾವ ಪುಸ್ತಕದಿಂದಲೂ ಅಂಕಿ ಸಿಗದ ಸಾಲನ್ನು ಪಕ್ಕಕ್ಕಿಟ್ಟೆ. ನಮ್ಮ 20 ಸಾಲಿನಲ್ಲಿ ಉಳಿದದ್ದು ಏಳು. ದೊಡ್ಡವು ನಾಲ್ಕು.

ಘಾಟಿಯಿಂದಲೇ ಶುರು ಮಾಡಿದೆ, ಇಲ್ಲದಿದ್ದರೆ ಚಿಕ್ಕಪ್ಪ ಕೂರುತ್ತಿರಲಿಲ್ಲ. ಟ್ರಿಪ್ ಪುಸ್ತಕದಲ್ಲಿ ಹಿಂದಿನ ಮೂರು ಮಳೆಗಾಲ ನೋಡಿದರೆ ಮಂಗಳೂರು ಗಾಡಿಗಳು ನಿಂತದ್ದು 4, 11, 6 ದಿನ. ಸರಾಸರಿ 7. ಆ ದಾರಿಯಲ್ಲಿ ಮೂರು ಗಾಡಿ. ಗಾಡಿ ನಿಂತರೆ ಡೀಸೆಲ್ ಖರ್ಚಾಗುವುದಿಲ್ಲ, ಟೋಲ್ ಇಲ್ಲ. ಅದೆಲ್ಲ ಕಳೆದು ದಿನಕ್ಕೆ ಒಂದು ಗಾಡಿಗೆ ನಮಗೆ ತಪ್ಪುವುದು ಸುಮಾರು 3,500. ಏಳು ದಿನ, ಮೂರು ಗಾಡಿ, 3,500 ಅಂದರೆ ವರ್ಷಕ್ಕೆ 73,500 ರೂಪಾಯಿ. ಗೋಡೌನಿಗೆ 1.8 ಲಕ್ಷ! ಕೆಟ್ಟ ವರ್ಷದ 11 ದಿನ ಹಿಡಿದರೂ ನಷ್ಟ 1.16 ಲಕ್ಷ ದಾಟುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ಹಾಗಾಗಿ ಆ ದಾರಿಯ ಮಾತಿಲ್ಲ. ಗೋಡೌನಿನ ಬದಲು ಆ ವಾರಗಳಲ್ಲಿ ಒಂದೆರಡು ಗಾಡಿಯನ್ನು ಬೆಂಗಳೂರು ಕಡೆಗೆ ತಿರುಗಿಸುವುದು, ಒಪ್ಪಂದದಲ್ಲಿ ದಾರಿ ಮುಚ್ಚಿದ ದಿನಕ್ಕೆ ನಿಲುಗಡೆ ಹಣ ಬರೆಸುವುದು. ಎರಡಕ್ಕೂ ಖರ್ಚಿಲ್ಲ. ಘಾಟಿ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಚಿಕ್ಕಪ್ಪನಿಗೆ ಬೇಜಾರಾಯಿತು, ಆದರೆ ಪುಸ್ತಕ ಅವರದೇ ಬರಹ.

ಒಂದು ಎಚ್ಚರ. ಸರಾಸರಿ ಲೆಕ್ಕ ಎಲ್ಲದಕ್ಕೂ ಸಲ್ಲದು. ಗಾಡಿಯ ಇನ್ಶೂರೆನ್ಸ್ ತಪ್ಪಿಹೋಗಿ ಆ ಹೊತ್ತಿಗೇ ಅಪಘಾತ ಆದರೆ ಕಂಪನಿಯೇ ಇರುವುದಿಲ್ಲ. ಅಂಥದ್ದಕ್ಕೆ 'ಹತ್ತು ವರ್ಷಕ್ಕೆ ಒಮ್ಮೆ' ಅಂತ ಹತ್ತರಿಂದ ಭಾಗಿಸಬೇಡಿ. ಇನ್ಶೂರೆನ್ಸ್, ಎಫ್‌ಸಿ, ಪರ್ಮಿಟ್ ದಿನಾಂಕಗಳು ಪಟ್ಟಿಯಲ್ಲಿ ಸ್ಪರ್ಧೆಗೇ ಬರಬಾರದು, ಅವು ಆಗಲೇಬೇಕು.

ಎರಡನೆಯದು ನಮಗೆ ನಿಜವಾಗಿ ಕಣ್ಣು ತೆರೆಸಿದ್ದು. 'ಪಾರ್ಟಿಗಳು ತಡವಾಗಿ ದುಡ್ಡು ಕೊಡುತ್ತಾರೆ' ಅಂತ ಅಪಾಯದ ಚೌಕದಲ್ಲಿ ಬರೆದಿದ್ದೆವು. ಅಂದರೆ ತಪ್ಪು ಹೊರಗಿನವರದು. ಬಿಲ್ ಫೈಲಿನಿಂದ ನಲವತ್ತು ಬಿಲ್ ತೆಗೆದು ಮೂರು ದಿನಾಂಕ ಬರೆದೆ: ಸರಕು ಇಳಿದ ದಿನ, ಬಿಲ್ ಕೊಟ್ಟ ದಿನ, ದುಡ್ಡು ಬಂದ ದಿನ. ಇಳಿದಾಗಿನಿಂದ ದುಡ್ಡು ಬರುವವರೆಗೆ ಸರಾಸರಿ 78 ದಿನ. ಅದರಲ್ಲಿ ಮೊದಲ 21 ದಿನ ಬಿಲ್ಲು ನಮ್ಮ ಆಫೀಸಿನಿಂದ ಹೊರಟೇ ಇರಲಿಲ್ಲ! ಯಾಕೆ ಅಂದರೆ, ಸಹಿ ಹಾಕಿಸಿದ ಎಲ್‌ಆರ್, ಅಂದರೆ ಲಾರಿ ರಸೀದಿಯ ಪ್ರತಿ, ಡ್ರೈವರ್ ಸೀಟಿನ ಹಿಂದಿನ ಚೀಲದಲ್ಲಿ ಇರುತ್ತಿತ್ತು. ಒಂದು ಗಾಡಿಯಲ್ಲಿ ಹನ್ನೊಂದು ಪ್ರತಿ ಸಿಕ್ಕವು, ಎರಡಕ್ಕೆ ಟೀ ಕಲೆ, ಒಂದರಲ್ಲಿ ಸೀಲು ಓದಲಾಗದಷ್ಟು ಅಳಿಸಿಹೋಗಿತ್ತು. ಸಾಲದ್ದಕ್ಕೆ ನಾವು ಬಿಲ್ ಮಾಡುತ್ತಿದ್ದದ್ದು ತಿಂಗಳ ಕೊನೆಯಲ್ಲಿ. ಹೀಗೆ ಆ ಸಾಲಿನ ಒಂದು ಭಾಗ ಅಪಾಯದಿಂದ ದೌರ್ಬಲ್ಯಕ್ಕೆ ಬಂತು. ದೌರ್ಬಲ್ಯವಾದರೆ ಒಳ್ಳೆಯದೇ, ನಾವೇ ಸರಿಮಾಡಬಹುದು.

ನಮ್ಮ ವರ್ಷದ ಬಿಲ್ಲಿಂಗ್ ಸುಮಾರು 1.1 ಕೋಟಿ, ದಿನಕ್ಕೆ 30,000 ಚಿಲ್ಲರೆ. ಇಳಿಸಿದ ಜಾಗದಲ್ಲೇ ಸಹಿಯಾದ ಪ್ರತಿಯ ಫೋಟೋ ಕಳಿಸುವುದು, ವಾರಕ್ಕೊಮ್ಮೆ ಬಿಲ್ ಮಾಡಿ ಮೂಲ ಪ್ರತಿ ಜೊತೆಗೇ ಕೊಡುವುದು. ಇದರಿಂದ 21 ದಿನ 4ಕ್ಕೆ ಇಳಿಯಿತು ಅಂದುಕೊಳ್ಳಿ. ಹದಿನೇಳು ದಿನ ಉಳಿದರೆ ಸಿಕ್ಕಿಬಿದ್ದಿದ್ದ 5 ಲಕ್ಷ ಕೈಗೆ ಬರುತ್ತದೆ. ನಾವು ಹೊರಗೆ ಸಾಲ ತರುತ್ತಿದ್ದದ್ದು 14 ಪರ್ಸೆಂಟಿಗೆ, ಅಂದರೆ ವರ್ಷಕ್ಕೆ 70,000 ಬಡ್ಡಿ ಉಳಿತಾಯ. ಖರ್ಚು, ಆಫೀಸಿನ ಹುಡುಗಿಗೆ ತಿಂಗಳಿಗೆ 3,000 ಜಾಸ್ತಿ, ವರ್ಷಕ್ಕೆ 36,000.

ಉಳಿದ ದಿನಗಳು ಪಾರ್ಟಿಯದು. ಉದ್ಯಮ್ ನೋಂದಣಿ ಮಾಡಿಸಿದ್ದರೆ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಪಾವತಿ 45 ದಿನ ಮೀರಬಾರದು, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಗಡುವು ಮೀರಿದರೆ, ಪಾವತಿ ಮಾಡಿದ ವರ್ಷದಲ್ಲಷ್ಟೇ ಅವರು ಅದನ್ನು ಆದಾಯ ತೆರಿಗೆಗೆ ಖರ್ಚು ಅಂತ ತೋರಿಸಬಹುದು. ಹಾಗಾಗಿ ಮಾರ್ಚ್ ಹತ್ತಿರ ಬಂದಾಗ ಬಿಲ್ ಮೇಲೆ ನೋಂದಣಿ ನಂಬರ್ ಇದ್ದರೆ ಅವರ ಅಕೌಂಟೆಂಟೇ ಫೋನ್ ಮಾಡುತ್ತಾರೆ. ಆದರೆ ಇದನ್ನು ಹಿಡಿದು ಹೆದರಿಸಲು ಹೋದರೆ ಮುಂದಿನ ಲೋಡು ಬೇರೆ ಗಾಡಿಗೆ ಹೋಗುತ್ತದೆ. ನಂಬರ್ ಅಚ್ಚು ಹಾಕಿಸಿ ಸುಮ್ನೆ ಇರಿ.

ಮೂರನೆಯದು ಖಾಲಿ ವಾಪಸ್. ಮೂರು ತಿಂಗಳ 212 ಟ್ರಿಪ್‌ನಲ್ಲಿ 118 ಖಾಲಿ ಬಂದಿದ್ದವು, ಅದರಲ್ಲಿ 84 ಮಂಗಳೂರಿನಿಂದ. ಇಲ್ಲಿ ಎಲ್ಲರೂ ಮಾಡುವ ತಪ್ಪು, ವಾಪಸ್ ಬಾಡಿಗೆ ಪೂರ್ತಿ ಲಾಭ ಅಂತ ಬರೆಯುವುದು. 7,000 ಬಾಡಿಗೆ ಬಂದರೆ ಹಮಾಲಿ, ತೂಕ 900. ಖಾಲಿ ಗಾಡಿ 170 ಕಿಲೋಮೀಟರಿಗೆ 28 ಲೀಟರ್ ಕುಡಿದರೆ, ತುಂಬಿದ ಗಾಡಿ ಘಾಟಿ ಹತ್ತಲು 40 ಲೀಟರ್ ಕೇಳುತ್ತದೆ. ಡೀಸೆಲ್ 90 ಅಂತ ಹಿಡಿದರೆ ಅದೇ 1,100. ಡ್ರೈವರಿಗೆ 700. ಲೋಡಿಗೆ ಕಾಯ್ದು ಮರುದಿನದ ಟ್ರಿಪ್ ಆಗಾಗ ತಪ್ಪುವುದಕ್ಕೆ ಸರಾಸರಿ 800. ಉಳಿಯುವುದು 3,500.

ನಮ್ಮ ಬಲದ ಚೌಕದಲ್ಲಿ 'ಮೂವತ್ತು ವರ್ಷದ ಹೆಸರು' ಅಂತ ಒಂದು ಸಾಲಿತ್ತು. ಹೆಸರಿಗೆ ರೂಪಾಯಿ ಬರೆಯಲಾಗದು. ಆದರೆ ಬಲ ಅನ್ನುವುದು ಬೇರೊಂದು ಕೆಲಸದ ಖರ್ಚನ್ನು ಇಳಿಸಬೇಕು, ಇಲ್ಲದಿದ್ದರೆ ಅದು ಹೊಗಳಿಕೆ. ಮಂಗಳೂರಿನ ಬೈಕಂಪಾಡಿಯಲ್ಲಿ ಚಿಕ್ಕಪ್ಪನ ಹಳೇ ಪರಿಚಯದವರೊಬ್ಬರು ತಿಂಗಳಿಗೆ 8,000ಕ್ಕೆ ಲೋಡು ಹುಡುಕಿಕೊಡಲು ಒಪ್ಪಿದರು. ಮೂರು ತಿಂಗಳಿಗೆ 30 ಲೋಡು ಸಿಕ್ಕರೆ ವರ್ಷಕ್ಕೆ 120, ಅಂದರೆ 4.2 ಲಕ್ಷ. ಅವರ 96,000 ಕಳೆದು 3.24 ಲಕ್ಷ.

ನಾಲ್ಕನೆಯದು ಅವಕಾಶದ ಚೌಕದ ರಾಜ: ಕಾಫಿ ಸೀಸನ್ನಿಗೆ ಹೊಸ ಗಾಡಿ. ಗಾಡಿಗೆ 28 ಲಕ್ಷ, ಕೈಯಿಂದ 4 ಹಾಕಿದರೆ ನಾಲ್ಕು ವರ್ಷದ ಸಾಲಕ್ಕೆ ತಿಂಗಳ ಕಂತು 61,000, ವರ್ಷಕ್ಕೆ 7.3 ಲಕ್ಷ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೆ 1.1 ಲಕ್ಷ ಉಳಿದರೂ, ಉಳಿದ ಎಂಟು ತಿಂಗಳು ನಮ್ಮ ಇರುವ ಗಾಡಿಗಳ ಹಾಗೆ 35,000 ಅಂತ ಹಿಡಿದರೆ ಒಟ್ಟು 7.2 ಲಕ್ಷ. ಕಂತು ಕಟ್ಟಿ ಕೈ ಒರೆಸಿಕೊಳ್ಳಬೇಕು. ಸೀಸನ್ನಿನಲ್ಲಿ ಹೊರಗಿನ ಗಾಡಿ ಹಿಡಿದು ಟ್ರಿಪ್ಪಿಗೆ ಸಾವಿರ ಇಟ್ಟುಕೊಳ್ಳುವುದೇ ಸರಿ ಅಂತ ಬಿಟ್ಟೆವು.

ಈಗ ಕ್ರಮ. ಲಾಭ ನೋಡಿದರೆ ಖಾಲಿ ವಾಪಸ್ ಮೊದಲು, ಬಿಲ್ ಕೆಲಸ ವರ್ಷಕ್ಕೆ ಬರೀ 34,000 ಉಳಿಸುತ್ತದೆ. ಆದರೂ ನಾವು ಬಿಲ್ ಮೊದಲು ಮಾಡಿದೆವು. ವಾಪಸ್ ಲೋಡಿನ ಹಮಾಲಿ, ಡೀಸೆಲ್ ಅಲ್ಲೇ ಕೊಡಬೇಕು, ದುಡ್ಡು ಆಮೇಲೆ. ವರ್ಷಕ್ಕೆ 8.4 ಲಕ್ಷದ ಹೊಸ ಬಿಲ್ಲಿಂಗ್ ಕೂಡ 78 ದಿನ ಸಿಕ್ಕಿಕೊಂಡರೆ ಇನ್ನೂ 1.8 ಲಕ್ಷ ಹೊರಗೆ. ಯಾವುದು ಜಾಸ್ತಿ ಉಳಿಸುತ್ತದೆ ಅನ್ನುವುದರ ಜೊತೆಗೆ ಯಾವುದು ಮೊದಲು ಕೈಗೆ ದುಡ್ಡು ತರುತ್ತದೆ, ಯಾವುದಕ್ಕೆ ಯಾರ ಸಮಯ ಬೇಕು ಅಂತ ಬರೆಯಿರಿ, ಅಲ್ವಾ? ನಮ್ಮಲ್ಲಿ ಎರಡೂ ಕೆಲಸಕ್ಕೂ ಆಫೀಸಿನ ಅದೇ ಹುಡುಗಿ ಬೇಕಿತ್ತು, ಒಟ್ಟಿಗೆ ಶುರು ಮಾಡಿದ್ದರೆ ಎರಡೂ ಕೆಡುತ್ತಿದ್ದವು.

ಪ್ರತಿ ಅಂಕಿಗೂ ಒಂದು ಕಡಿಮೆ ಅಂದಾಜು ಬರೆದುಕೊಳ್ಳಿ. ಕಡಿಮೆ ಅಂದಾಜಿನಲ್ಲೂ ಕ್ರಮ ಬದಲಾಗದಿದ್ದರೆ ಜಗಳ ಮುಗಿಯಿತು. ಬದಲಾದರೆ ಆ ಎರಡು ಸಾಲಿಗೆ ಮಾತ್ರ ಪುಸ್ತಕ ಮತ್ತೆ ತೆಗೆಯಿರಿ.

ನಮ್ಮ ಅಂದಾಜೂ ತಪ್ಪಿತ್ತು. ಮೊದಲ ಮೂರು ತಿಂಗಳಲ್ಲಿ 30ರ ಬದಲು ಸಿಕ್ಕಿದ್ದು 19 ಲೋಡು. ಆ ಲೆಕ್ಕದಲ್ಲಿ ವರ್ಷಕ್ಕೆ 76, ಅಂದರೆ 96,000 ಕೊಟ್ಟು ಕೈಗೆ 1.7 ಲಕ್ಷ. ಆದರೂ ಘಾಟಿಗಿಂತ ಮೇಲೇ. ಬೈಕಂಪಾಡಿಯವರ ಜೊತೆ ಮತ್ತೆ ಮಾತಾಡಿ ತಿಂಗಳ ಸಂಬಳ ಬಿಟ್ಟು ಲೋಡಿಗೆ 800 ಅಂತ ಮಾಡಿಕೊಂಡೆವು. ಈಗ ಅವರೇ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಗಾಡಿ ಎಲ್ಲಿದೆ ಅಂತ ಕೇಳುತ್ತಾರೆ.